ಎಫ್‌ಡಿ ಮುರಿಸಿದಾಗ ಕೈಗೆ ಬರುವುದೆಷ್ಟು?

ನಿಶ್ಚಿತ ಠೇವಣಿಯನ್ನು ಅವಧಿಗೆ ಮುನ್ನ ಮುರಿಸಿದರೆ ಬಡ್ಡಿ ಎರಡು ಕಡೆಯಿಂದ ಕಡಿಮೆಯಾಗುತ್ತದೆ. ಹೆಚ್ಚಿನವರು ದಂಡವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ದಂಡಕ್ಕಿಂತ ಮೊದಲೇ ಬಡ್ಡಿದರ ಬದಲಾಗಿರುತ್ತದೆ.

ರಸೀದಿಯಲ್ಲಿ ಬರೆದ ದರ ಪೂರ್ತಿ ಅವಧಿಗೆ ಒಪ್ಪಿಕೊಂಡದ್ದು. ನಡುವೆ ಮುರಿಸಿದರೆ, ಹಣ ಎಷ್ಟು ಕಾಲ ಬ್ಯಾಂಕಿನಲ್ಲಿತ್ತೋ ಅಷ್ಟು ಕಾಲದ ಠೇವಣಿಗೆ ಏನು ದರವಿತ್ತೆಂದು ಬ್ಯಾಂಕು ನೋಡುತ್ತದೆ. ಸಾಮಾನ್ಯವಾಗಿ ಇದಕ್ಕೆ ಠೇವಣಿ ಇಟ್ಟ ದಿನದ ದರಪಟ್ಟಿಯೇ ಆಧಾರ, ಮುರಿಸುವ ದಿನದ್ದಲ್ಲ. ಆ ದರ ಮತ್ತು ರಸೀದಿಯ ದರ, ಇವೆರಡರಲ್ಲಿ ಕಡಿಮೆ ಇರುವುದರಿಂದ ದಂಡವನ್ನು ಕಳೆಯುತ್ತಾರೆ. ದಂಡ ಅನೇಕ ಬ್ಯಾಂಕುಗಳಲ್ಲಿ ಶೇ. 0.5ರಿಂದ 1ರಷ್ಟಿದೆ. ಏಳು ದಿನದೊಳಗೆ ಹಿಂತೆಗೆದರೆ ಬಡ್ಡಿಯೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. 5 ಲಕ್ಷ ರೂಪಾಯಿಯನ್ನು ಮೂರು ವರ್ಷಕ್ಕೆ ಶೇ. 7ರ ದರದಲ್ಲಿ ಇಟ್ಟು, ಸರಿಯಾಗಿ ಒಂದು ವರ್ಷಕ್ಕೆ ಮುರಿಸಲಾಗಿದೆ ಎನ್ನೋಣ. ಇಟ್ಟ ದಿನ ಒಂದು ವರ್ಷದ ಠೇವಣಿಗೆ ಶೇ. 6.5 ದರವಿತ್ತು, ದಂಡ ಶೇ. 1. ಹಾಗಾಗಿ ಸಿಗುವ ದರ ಶೇ. 5.5. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿಸಿದರೆ ಖಾತೆಗೆ ಜಮಾ ಆಗುವುದು 5,28,072 ರೂಪಾಯಿ. ಶೇ. 7ರ ಲೆಕ್ಕದಲ್ಲಿ ವರ್ಷದ ಕೊನೆಗೆ 5,35,930 ಆಗಬೇಕಿತ್ತು. ಕಡಿಮೆಯಾದ 7,858 ರೂಪಾಯಿಯಲ್ಲಿ 5,229 ದಂಡದಿಂದ ಹೋದದ್ದು, ಉಳಿದ 2,629 ದರ ಇಳಿದದ್ದರಿಂದ.

ಇಲ್ಲಿ ಶೇ. 1 ಎಂಬುದು ಅಸಲಿನ ಮೇಲೆ ಹಾಕುವ ದಂಡವಲ್ಲ, ವಾರ್ಷಿಕ ದರದಲ್ಲಿ ಮಾಡುವ ಕಡಿತ. ಆದ್ದರಿಂದ ಠೇವಣಿ ಹೆಚ್ಚು ಕಾಲ ಇದ್ದಷ್ಟೂ ದಂಡದ ಮೊತ್ತವೂ ಬೆಳೆಯುತ್ತದೆ: ಆರು ತಿಂಗಳಿಗೆ ಮುರಿಸಿದ್ದರೆ ಅದು ಸುಮಾರು ಎರಡೂವರೆ ಸಾವಿರವಷ್ಟೇ ಆಗುತ್ತಿತ್ತು.

ತಿಂಗಳು ತಿಂಗಳು ಬಡ್ಡಿ ಪಡೆಯುವವರಿಗೆ, ಅದರಲ್ಲೂ ಆ ಹಣದಲ್ಲೇ ಮನೆ ನಡೆಸುವ ನಿವೃತ್ತರಿಗೆ, ಲೆಕ್ಕ ಇನ್ನೂ ಕಹಿ. ಅವರ ಕೈಗೆ ಶೇ. 7ರ ಬಡ್ಡಿ ಆಗಲೇ ಬಂದು ಖರ್ಚಾಗಿರುತ್ತದೆ. ಮುರಿಸಿದಾಗ ಸಲ್ಲಬೇಕಾದದ್ದು ಶೇ. 5.5 ಮಾತ್ರ ಎಂದಾಗುವುದರಿಂದ, ಹೆಚ್ಚಾಗಿ ಕೊಟ್ಟ ಬಡ್ಡಿಯನ್ನು ಬ್ಯಾಂಕು ಅಸಲಿನಿಂದ ಹಿಡಿದುಕೊಳ್ಳುತ್ತದೆ. ಮೇಲಿನ ಠೇವಣಿಯೇ ಮಾಸಿಕ ಬಡ್ಡಿಯದಾಗಿದ್ದರೆ, ಇಟ್ಟ 5 ಲಕ್ಷದಲ್ಲಿ ಸುಮಾರು ಏಳೂವರೆ ಸಾವಿರ ಕಡಿತವಾಗಿ ಉಳಿದದ್ದು ಬರುತ್ತದೆ. ಅಸಲೇ ಕರಗಿತೆಂದು ಗಾಬರಿಯಾಗುವುದು ಸಹಜ. ಆದರೆ ಅಷ್ಟು ಹಣ ಬಡ್ಡಿಯ ರೂಪದಲ್ಲಿ ಮೊದಲೇ ಕೈ ಸೇರಿರುತ್ತದೆ.

ಜಮಾ ಆದ ಮೊತ್ತ ಸರಿಯೇ ಎಂದು ತಿಳಿಯಲು ಶಾಖೆಯಲ್ಲಿ ಮೂರು ವಿಷಯ ಕೇಳಬೇಕು: ಠೇವಣಿ ಇಟ್ಟ ದಿನ ಆ ಕಡಿಮೆ ಅವಧಿಗಿದ್ದ ದರ, ದಂಡದ ದರ, ಮತ್ತು ಟಿಡಿಎಸ್ ಹಿಡಿದಿದ್ದರೆ ಅದರ ಮೊತ್ತ. ಟಿಡಿಎಸ್ ದಂಡವಲ್ಲ, ಆದಾಯ ತೆರಿಗೆಯ ಲೆಕ್ಕಕ್ಕೆ ಮುಂಗಡವಾಗಿ ಹೋದ ಹಣ. ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು.