ಡೈವರ್ಟರ್ ಕೊಳ್ಳುವ ಮುನ್ನ ಟೇಪ್ ಹಿಡಿದು ತಾರಸಿಗೆ ಹೋಗಿ

ಮನೆ ಕಟ್ಟಿಸುತ್ತಿರುವವರು ಸ್ಯಾನಿಟರಿ ಅಂಗಡಿಗೆ ಹೋದರೆ ಸಿಂಗಲ್ ಲಿವರ್ ಕನ್ಸೀಲ್ಡ್ ಡೈವರ್ಟರ್‌ಗೆ ಮನಸೋಲುವುದು ಸಹಜ. ಗೋಡೆಯ ಮೇಲೆ ಕಾಣುವುದು ಒಂದು ಪ್ಲೇಟು, ಒಂದು ಹಿಡಿಕೆ, ಒಂದು ನಾಬ್ ಮಾತ್ರ. ಹಿಡಿಕೆ ಎತ್ತಿದರೆ ನೀರು, ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಣ್ಣಗೆ. ನಾಬ್ ನೀರನ್ನು ಕೆಳಗಿನ ಸ್ಪೌಟ್‌ಗೋ ಮೇಲಿನ ಶವರ್‌ಗೋ ಕಳಿಸುತ್ತದೆ. ಎರಡೂ ನೀರು ಬೆರೆಯುವ ಹಿತ್ತಾಳೆಯ ಬಾಡಿ ಟೈಲ್ಸ್ ಹಿಂದೆ ಗೋಡೆಯೊಳಗೆ ಹೂತಿರುತ್ತದೆ. ಆಯ್ಕೆ ತಪ್ಪಿದರೆ ಟೈಲ್ಸ್ ಒಡೆಯದೆ ಬೇರೆ ದಾರಿಯಿಲ್ಲ. ಆದ್ದರಿಂದ ಅಂದ, ಬಣ್ಣ, ಕಂಪನಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಶವರ್‌ಗೆ ಎಷ್ಟು ಒತ್ತಡದಲ್ಲಿ ನೀರು ಬರುತ್ತದೆ ಎಂಬುದನ್ನು.

ಪ್ರೆಶರ್ ಪಂಪ್ ಇಲ್ಲದ ಮನೆಯಲ್ಲಿ ಒತ್ತಡ ಹುಟ್ಟುವುದು ಎತ್ತರದಿಂದ ಮಾತ್ರ. ನೀರು ಸುಮಾರು 33 ಅಡಿ ಎತ್ತರದಲ್ಲಿದ್ದರೆ ಕೆಳಗೆ ಒಂದು ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕ್ ಸಾವಿರ ಲೀಟರಿನದೋ ಐದು ಸಾವಿರದ್ದೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಟ್ಯಾಂಕಿನ ತಳದಿಂದ ಶವರ್ ತಲೆಯವರೆಗೆ ಎಷ್ಟು ಅಡಿ ಎಂಬುದಷ್ಟೇ ಲೆಕ್ಕ. ಟ್ಯಾಂಕ್ ತುಂಬಿದ್ದಾಗ ಇನ್ನೂ ಮೂರ್ನಾಲ್ಕು ಅಡಿ ಸೇರುತ್ತದೆ ನಿಜ, ಆದರೆ ಎಲ್ಲರ ಸ್ನಾನ ಮುಗಿದ ಮೇಲೆ ಕೊನೆಯವರಿಗೂ ನೀರು ಸರಿಯಾಗಿ ಬರಬೇಕಲ್ಲ.

ನಮ್ಮಲ್ಲಿ ಸಾಮಾನ್ಯವಾದ 30x40 ಸೈಟಿನ ಒಂದು ಮನೆಯನ್ನು ತೆಗೆದುಕೊಳ್ಳೋಣ. ನೆಲಮಹಡಿ, ಮೇಲೊಂದು ಮಹಡಿ, ತಾರಸಿಯಲ್ಲಿ ನಾಲ್ಕಡಿ ಸ್ಟ್ಯಾಂಡಿನ ಮೇಲೆ ಟ್ಯಾಂಕ್. ಮಹಡಿಯ ಬಾತ್‌ರೂಮಿನ ಸೀಲಿಂಗ್ ಹತ್ತಡಿ, ಶವರ್ ಇರುವುದು ಏಳಡಿಯಲ್ಲಿ. ಸ್ಟ್ಯಾಂಡಿನ ನಾಲ್ಕಡಿ, ಸ್ಲ್ಯಾಬಿನ ಅರ್ಧ ಅಡಿ, ಸೀಲಿಂಗ್‌ನಿಂದ ಶವರ್‌ವರೆಗಿನ ಮೂರಡಿ ಕೂಡಿಸಿದರೆ ಏಳೂವರೆ ಅಡಿ, ಅಂದರೆ ಸುಮಾರು 0.23 ಬಾರ್. ನೆಲಮಹಡಿಯ ಬಾತ್‌ರೂಮಿಗೆ ಇನ್ನೊಂದು ಅಂತಸ್ತಿನ ಹತ್ತೂವರೆ ಅಡಿ ಸೇರಿ ಹದಿನೆಂಟು ಅಡಿಯಾಗುತ್ತದೆ, ಸುಮಾರು 0.55 ಬಾರ್.

ಈಗ ಕ್ಯಾಟಲಾಗ್ ತೆರೆಯಿರಿ. ನೀರಿನ ಪ್ರಮಾಣವನ್ನು ಹೆಚ್ಚಾಗಿ 3 ಬಾರ್ ಒತ್ತಡಕ್ಕೆ ಬರೆದಿರುತ್ತಾರೆ. ಒಂದು ಮಾಡೆಲ್ 3 ಬಾರ್‌ನಲ್ಲಿ ನಿಮಿಷಕ್ಕೆ 20 ಲೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಒತ್ತಡ ಕಾಲು ಭಾಗಕ್ಕೆ ಇಳಿದರೆ ನೀರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಇಲ್ಲಿನ ನಿಯಮ. ಆ ಲೆಕ್ಕದಲ್ಲಿ ಇದೇ ಮಾಡೆಲ್ ನೆಲಮಹಡಿಯಲ್ಲಿ ಎಂಟೂವರೆ ಲೀಟರ್ ಕೊಟ್ಟರೆ ಮಹಡಿಯಲ್ಲಿ ಕೊಡುವುದು ಐದೂವರೆ ಮಾತ್ರ. ಪೈಪು, ಎಲ್ಬೋ, ಶವರ್‌ನ ತೂತುಗಳು ತಿನ್ನುವ ಪಾಲನ್ನು ಕಳೆದರೆ ಮಹಡಿಯಲ್ಲಿ ಉಳಿಯುವುದು ತೊಟ್ಟಿಕ್ಕುವ ನೀರು. ಕೆಳಗಿನ ಸ್ಪೌಟ್‌ನಲ್ಲಿ ಬಕೆಟ್ ಬೇಗ ತುಂಬಿತೆಂದು ನೆಮ್ಮದಿ ಪಡಬೇಡಿ. ಸ್ಪೌಟ್ ಶವರ್‌ಗಿಂತ ಐದಡಿ ಕೆಳಗಿರುತ್ತದೆ, ಅಷ್ಟು ಹೆಚ್ಚಿನ ಒತ್ತಡ ಅದಕ್ಕೆ ಪುಕ್ಕಟೆಯಾಗಿ ಸಿಗುತ್ತದೆ.

ಇಂಥ ಮನೆಗೆ ಅಂಗಡಿಯಲ್ಲಿ ಕೇಳಬೇಕಾದದ್ದು ‘ಹೈ ಫ್ಲೋ’ ಬಾಡಿ. ಒಳಗಿನ ಕಾರ್ಟ್ರಿಜ್ ದೊಡ್ಡದು, ನೀರು ಹಾಯುವ ದಾರಿ ಅಗಲ. ಹೆಸರನ್ನಷ್ಟೇ ನಂಬದೆ ಕನಿಷ್ಠ ಒತ್ತಡ ಎಷ್ಟು ಬೇಕೆಂದು ಕ್ಯಾಟಲಾಗಿನಲ್ಲಿ ಓದಿ. ಅಲ್ಲಿ 0.5 ಬಾರ್ ಎಂದಿದ್ದರೆ ನಮ್ಮ ಉದಾಹರಣೆಯ ನೆಲಮಹಡಿಗೆ ಅದು ಹೇಗೋ ಆದೀತು, ಮಹಡಿಗೆ ಖಂಡಿತ ಆಗದು. ಮಹಡಿಯ ಬಾತ್‌ರೂಮಿಗೆ ನನ್ನ ಸಲಹೆ ಎರಡೇ. ಒಂದೋ, ಟ್ಯಾಂಕಿನಿಂದ ಇಳಿಯುವ ಪೈಪಿಗೇ ಚಿಕ್ಕ ಪ್ರೆಶರ್ ಪಂಪ್ ಹಾಕಿಸಿ. ಇಲ್ಲವೇ ಸಿಂಗಲ್ ಲಿವರ್ ಆಸೆ ಬಿಟ್ಟು, ಬಿಸಿಗೊಂದು ತಣ್ಣಗೊಂದು ಅಗಲ ದಾರಿಯ ಕನ್ಸೀಲ್ಡ್ ಸ್ಟಾಪ್‌ಕಾಕ್ ಹಾಕಿಸಿ. ಟ್ಯಾಂಕನ್ನು ಎತ್ತರಿಸಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಒಂದಡಿ ಎತ್ತರಿಸಿದರೆ ಸಿಗುವುದು 0.03 ಬಾರ್ ಅಷ್ಟೇ.

ನಾಬ್ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಕೇಳಲೇಬೇಕು. ಕೆಲವು ಡೈವರ್ಟರ್‌ಗಳಲ್ಲಿ ನಾಬ್ ಎಳೆದರೆ ಅದನ್ನು ಅಲ್ಲೇ ಹಿಡಿದಿಡುವುದು ನೀರಿನ ಒತ್ತಡ. ನೀರು ನಿಲ್ಲಿಸಿದೊಡನೆ ಅದು ತಾನಾಗಿ ಹಿಂದಕ್ಕೆ ಬರುತ್ತದೆ. ಒತ್ತಡ ಸಾಲದ ಮನೆಯಲ್ಲಿ ನೀರು ಹರಿಯುತ್ತಿರುವಾಗಲೇ ನಾಬ್ ಜಾರಿ, ಶವರ್ ನಿಂತು, ಸ್ಪೌಟ್‌ನಿಂದ ನೀರು ಸುರಿಯತೊಡಗುತ್ತದೆ. ಎಳೆದಲ್ಲೇ ಲಾಕ್ ಆಗುವ ಅಥವಾ ತಿರುಗಿಸಿ ನಿಲ್ಲಿಸುವ ನಾಬ್ ಇದ್ದರೆ ಈ ತೊಂದರೆಯಿಲ್ಲ. ಅಂಗಡಿಯಲ್ಲಿ ಖಾಲಿ ಪೀಸನ್ನು ಕೈಗೆ ತೆಗೆದುಕೊಂಡು ಎಳೆದು ಬಿಡಿ. ನೀರಿಲ್ಲದೆಯೂ ನಿಂತರೆ ಅದು ಲಾಕ್ ಆಗುವ ಜಾತಿ.

ಇನ್ನು ಗೀಸರ್. ಸ್ಟೋರೇಜ್ ಗೀಸರಿಗೆ ತಣ್ಣೀರು ಒಳಹೋಗುವ ಕಡೆ ಒಂದು ಸೇಫ್ಟಿ ವಾಲ್ವ್ ಇರುತ್ತದೆ. ಬಿಸಿನೀರು ಹಿಂದಕ್ಕೆ ಹೋಗದಂತೆ ತಡೆಯುವ ಸ್ಪ್ರಿಂಗ್ ಕೂಡ ಅದರೊಳಗಿರುತ್ತದೆ. ಟ್ಯಾಂಕಿನ ಅಲ್ಪ ಒತ್ತಡದಲ್ಲಿ ಒಂದು ಪಾಲು ಈ ಸ್ಪ್ರಿಂಗ್ ತಳ್ಳುವುದಕ್ಕೇ ಖರ್ಚಾಗುತ್ತದೆ. ತಣ್ಣೀರಿಗೆ ಅಂಥ ಅಡ್ಡಿಯಿಲ್ಲ. ಹಿಡಿಕೆ ನಡುವೆ ಇದ್ದರೂ ನೀರು ಉಗುರುಬೆಚ್ಚಗೂ ಆಗುವುದಿಲ್ಲ, ಪೂರ್ತಿ ಎಡಕ್ಕೆ ತಿರುಗಿಸಿದರೆ ಸಣ್ಣ ಧಾರೆ ಬರುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಹಾಗೆಂದು ಆ ವಾಲ್ವ್ ಕಿತ್ತುಹಾಕಲು ಯಾರು ಹೇಳಿದರೂ ಒಪ್ಪಬೇಡಿ. ಒತ್ತಡ ಏರಿದಾಗ ಗೀಸರ್ ಸಿಡಿಯದಂತೆ ಕಾಯುವುದೂ ಅದೇ. ಬದಲಿಗೆ ಗೀಸರ್‌ಗೆ ಹೋಗುವ ಮತ್ತು ಅದರಿಂದ ಬರುವ ಲೈನನ್ನು ಮುಕ್ಕಾಲಿಂಚಿನ ಸಿಪಿವಿಸಿಯಲ್ಲಿ, ಆದಷ್ಟು ಕಡಿಮೆ ಎಲ್ಬೋ ಬಳಸಿ ಎಳೆಸಿ.

ಬಿಸಿ ಮತ್ತು ತಣ್ಣಗಿನ ಲೈನ್ ಎರಡೂ ಒಂದೇ ಟ್ಯಾಂಕಿನಿಂದ ಬರಬೇಕು. ಪಂಪ್ ಹಾಕಿಸುವುದಾದರೆ ಅದೂ ಎರಡಕ್ಕೂ ಮುಂಚೆಯೇ ಇರಬೇಕು, ಪಂಪಿನ ಒತ್ತಡವನ್ನು ಗೀಸರ್ ತಡೆಯುತ್ತದೆಯೇ ಎಂದು ಅದರ ಲೇಬಲ್ ನೋಡಬೇಕು. ತಣ್ಣೀರಿಗಷ್ಟೇ ಪಂಪ್ ಕೊಟ್ಟು, ಬಿಸಿನೀರನ್ನು ಟ್ಯಾಂಕಿನ ಪಾಡಿಗೆ ಬಿಟ್ಟರೆ, ಜೋರಾದ ತಣ್ಣೀರು ಮಿಕ್ಸರ್‌ನೊಳಗೆ ಬಿಸಿನೀರಿನ ದಾರಿಗೆ ಅಡ್ಡಗಟ್ಟುತ್ತದೆ, ಕೆಲವೊಮ್ಮೆ ಬಿಸಿ ಲೈನಿಗೇ ನುಗ್ಗುತ್ತದೆ. ಅಡುಗೆಮನೆಯ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬಂದರೆ ಅನುಮಾನ ಇತ್ತ ತಿರುಗಲಿ.

ಶವರ್ ತಲೆ ಆರಿಸುವಾಗ ಗೀಸರಿನ ಅಳತೆಯೂ ನೆನಪಿರಲಿ. 15 ಲೀಟರ್ ಗೀಸರಿನಲ್ಲಿ ನೀರು 60 ಡಿಗ್ರಿ, ಟ್ಯಾಂಕಿನಲ್ಲಿ 20 ಡಿಗ್ರಿ ಇದ್ದರೆ, 40 ಡಿಗ್ರಿಯ ಸ್ನಾನಕ್ಕೆ ಎರಡೂ ಸಮಪಾಲು ಬೇಕು. ಒಟ್ಟು ಹೆಚ್ಚೆಂದರೆ 30 ಲೀಟರ್. ನಿಮಿಷಕ್ಕೆ ಆರು ಲೀಟರಿನ ಶವರ್‌ನಲ್ಲಿ ಅದು ಐದು ನಿಮಿಷ ಬರುತ್ತದೆ. ಪಂಪ್ ಹಾಕಿ, ಹನ್ನೆರಡು ಲೀಟರ್ ಸುರಿಸುವ ಅಗಲದ ರೇನ್ ಶವರ್ ಕೂರಿಸಿದರೆ ಸೋಪು ತೊಳೆಯುವ ಮೊದಲೇ ಮುಗಿಯುತ್ತದೆ. ಪಂಪ್ ಇಲ್ಲದಿದ್ದರಂತೂ ಅಷ್ಟು ತೂತುಗಳಿಗೆ ಹಂಚಿಹೋದ ನೀರು ಬಿಡಿ ಹನಿಯಾಗಿ ಬೀಳುತ್ತದೆ. ಅಲ್ಲಿ ನಾಲ್ಕಿಂಚಿನ ಸಾದಾ ಶವರ್ ಒಳ್ಳೆಯದು.

ಬಾಡಿ ಮತ್ತು ಹೊರಗಿನ ಪ್ಲೇಟ್-ಹಿಡಿಕೆ ಬೇರೆ ಬೇರೆ ಡಬ್ಬದಲ್ಲಿ ಬರುತ್ತವೆ. ಎರಡೂ ಒಂದೇ ಕಂಪನಿಯ, ಪರಸ್ಪರ ಹೊಂದುವ ಮಾಡೆಲ್ ಎಂದು ನೋಡಿಯೇ ಹಣ ಕೊಡಿ. ನಾಲ್ಕಿಂಚಿನ ಗೋಡೆಗೆ ಆಳ ಕಡಿಮೆಯಿರುವ ಬಾಡಿ ಬೇಕು, ಇಲ್ಲವಾದರೆ ಗೋಡೆಯನ್ನು ಆಚೆ ಬದಿಯವರೆಗೆ ಕೊರೆಯಬೇಕಾದೀತು. ಬಾಡಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆಗಳಿರುತ್ತವೆ. ಪ್ಲಾಸ್ಟರ್, ಅಂಟು, ಟೈಲ್ಸ್ ಎಲ್ಲ ಮುಗಿದ ಮೇಲಿನ ಮುಖ ಆ ಎರಡು ಗೆರೆಗಳ ನಡುವೆ ಬರಬೇಕು. ಹೆಚ್ಚು ಒಳಗೆ ಹೋದರೆ ಹಿಡಿಕೆ ಸ್ಪಿಂಡಲ್ಲಿಗೆ ತಲುಪುವುದಿಲ್ಲ, ಹೆಚ್ಚು ಹೊರಗಿದ್ದರೆ ಪ್ಲೇಟು ಗೋಡೆಗೆ ಕೂರುವುದಿಲ್ಲ.

ಟೈಲ್ಸ್ ಹಾಕುವ ಮುನ್ನ ಪ್ಲಂಬರ್‌ಗೆ ಎರಡು ಕೆಲಸ ಹೇಳಿ. ಲೈನಿನೊಳಗಿನ ಮರಳು, ಸಿಪಿವಿಸಿ ಅಂಟಿನ ಚೂರು ಕಾರ್ಟ್ರಿಜ್‌ಗೆ ಸಿಕ್ಕಿಕೊಳ್ಳದಂತೆ ಮೊದಲು ನೀರು ಬಿಟ್ಟು ತೊಳೆಯಲಿ. ಆಮೇಲೆ ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿ ಕೈಪಂಪಿನಿಂದ ಒತ್ತಡ ಏರಿಸಿ ಒಂದು ರಾತ್ರಿ ಬಿಡಲಿ. ಬೆಳಗ್ಗೆ ಗೇಜಿನ ಮುಳ್ಳು ಇಳಿದಿದ್ದರೆ ಎಲ್ಲೋ ಜಾಯಿಂಟ್ ಸೋರುತ್ತಿದೆ. ಅದನ್ನು ಹುಡುಕಿ ಸರಿಪಡಿಸಿದ ಮೇಲೆಯೇ ಟೈಲ್ಸ್ ಕೆಲಸದವರನ್ನು ಕರೆಸಿ.