ನಿಧಿಯ ಹಾದಿಗೆ ಐದು ಒಗಟು

ಮಕ್ಕಳ ಹುಟ್ಟುಹಬ್ಬದಂದು ಮನೆಯೊಳಗೇ ಆಡಿಸಬಹುದಾದ ಆಟಗಳಲ್ಲಿ ನಿಧಿ ಹುಡುಕುವ ಆಟವೂ ಒಂದು. ಮೊದಲನೆಯ ಚೀಟಿಯನ್ನು ಮಕ್ಕಳ ಕೈಗೆ ಕೊಡುತ್ತೇವೆ. ಅದರಲ್ಲಿ ಎರಡು ಸಾಲಿನ ಒಂದು ಪದ್ಯ. ಆ ಪದ್ಯ ಮನೆಯಲ್ಲಿರುವ ಒಂದು ವಸ್ತುವನ್ನು, ಹೆಸರು ಹೇಳದೆ, ಸೂಚಿಸುತ್ತದೆ. ಮಕ್ಕಳು ಒಗಟು ಬಿಡಿಸಿ ಅಲ್ಲಿಗೆ ಓಡಿದರೆ ಎರಡನೆಯ ಚೀಟಿ ಸಿಗುತ್ತದೆ. ಅದು ಮೂರನೆಯದರ ಜಾಡು ತೋರಿಸುತ್ತದೆ. ಹೀಗೆ ಕೊನೆಗೆ ನಿಧಿ. ಇದಕ್ಕೆ ಅಂಗಡಿಯಿಂದ ತರಬೇಕಾದ ಸಾಮಾನು ಏನೂ ಇಲ್ಲ. ಆಟದ ಸೊಗಸೆಲ್ಲ ಇರುವುದು ಆ ಪದ್ಯಗಳಲ್ಲಿ. ಅವನ್ನು ಮನೆಯವರೇ ಕಟ್ಟಬೇಕು.

ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಪದ್ಯಗಳು ಸಿದ್ಧವಾಗಿ ದೊರೆಯುತ್ತವೆ, ನಿಜ. ಆದರೆ ಅವನ್ನು ಕನ್ನಡಕ್ಕೆ ತಿರುಗಿಸಿದರೆ ಒಗಟಿನ ಜೀವವೇ ಹೋಗುತ್ತದೆ. ಏಕೆಂದರೆ ಇಂಥ ಒಗಟು ನಿಂತಿರುವುದು ವಸ್ತುವಿನ ಮೇಲಲ್ಲ, ಆ ವಸ್ತುವಿಗೆ ನಾವು ಬಳಸುವ ಮಾತಿನ ಮೇಲೆ. ಇಂಗ್ಲಿಷಿನ ಗಡಿಯಾರಕ್ಕೆ ಮುಖವುಂಟು, ಕೈಗಳುಂಟು. ನಮ್ಮ ಗಡಿಯಾರಕ್ಕೆ ಇರುವುದು ಮುಳ್ಳು. ‘ಕೈಯುಳ್ಳದ್ದು ಯಾವುದು?’ ಎಂದು ಕೇಳಿದರೆ ನಮ್ಮ ಮಗು ಗಡಿಯಾರದ ಕಡೆ ನೋಡುವುದೇ ಇಲ್ಲ. ಮುಳ್ಳು ಎಂದು ಹೇಳಿ ನೋಡಿ:

ಮುಳ್ಳುಗಳುಂಟು, ಚುಚ್ಚುವುದಿಲ್ಲ;
ಹಗಲಿರುಳೋಡಿ ದಣಿಯುವುದಿಲ್ಲ.

ಹಾಗಾದರೆ ನಮ್ಮ ಭಾಷೆಯಲ್ಲಿ ಕೈ ಯಾವುದಕ್ಕಿದೆ? ಬೀಗಕ್ಕಿದೆ. ಬೀಗದ ಕೈ ಎಂಬ ದಿನಬಳಕೆಯ ಮಾತಿನಲ್ಲೇ ಒಂದು ಒಗಟು ಅಡಗಿ ಕುಳಿತಿದೆ:

ಕೈಯೊಂದುಂಟು, ಬೆರಳುಗಳಿಲ್ಲ;
ಕೈ ಬಾರದೆ ನಾ ಬಾಯ್ಬಿಡುವುದಿಲ್ಲ.

ಆದ್ದರಿಂದ ಪದ್ಯ ಬರೆಯಲು ಕೂರುವ ಮೊದಲು ಮನೆಯನ್ನೊಮ್ಮೆ ಸುತ್ತಿ, ಐದು ವಸ್ತುಗಳನ್ನು ಆರಿಸಿಕೊಂಡು, ಪ್ರತಿಯೊಂದರ ಮುಂದೆ ಎರಡು ವಿಷಯ ಬರೆದುಕೊಳ್ಳಿ: ಮನೆಮಾತಿನಲ್ಲಿ ಅದರ ಅಂಗಗಳನ್ನು ಏನೆಂದು ಕರೆಯುತ್ತೇವೆ, ಅದು ಏನು ಕೆಲಸ ಮಾಡುತ್ತದೆ. ತಿರುಪು ಇರುವ ರೇಡಿಯೊವಾದರೆ ಅದರ ‘ಕಿವಿ’ ಹಿಂಡುತ್ತೇವೆ. ದಿಂಬು ರಾತ್ರಿಯೆಲ್ಲ ತಲೆ ಹೊರುತ್ತದೆ. ಇಷ್ಟು ಸಿಕ್ಕರೆ ಪದ್ಯ ಅರ್ಧ ಮುಗಿದಂತೆಯೇ:

ಕಿವಿ ಹಿಂಡಿದರೂ ಅಳುವುದೆ ಇಲ್ಲ;
ಹಾಡನು ಕೇಳಲು ಬನ್ನಿರಿ ಎಲ್ಲ.

ರಾತ್ರಿಯ ಕೆಲಸಕೆ ಬರುವೆನು ನಾನು;
ತಲೆಯನು ಹೊರುವೆನು, ಮಲಗುವೆ ನೀನು.

ಇನ್ನು ಪ್ರಾಸದ ಮಾತು. ಕನ್ನಡ ವಾಕ್ಯದ ಕೊನೆಗೆ ಕ್ರಿಯಾಪದ ಬರುವುದರಿಂದ ಅಂತ್ಯಪ್ರಾಸ ನಮಗೆ ಸುಲಭ; ‘ಇಲ್ಲ’, ‘ಇಲ್ಲ’ ಎಂದರೂ ಪ್ರಾಸವಾಯಿತು. ಆದರೆ ಐದು ಪದ್ಯಗಳೂ ‘ಇಲ್ಲ’ ಎಂದೇ ಮುಗಿದರೆ ಮಕ್ಕಳ ಕಿವಿ ಬೇಸರಪಡುತ್ತದೆ. ಆಗ ನಮ್ಮ ಹಳೆಯ ಕವಿಗಳ ಪದ್ಧತಿಯಿಂದ ಸ್ವಲ್ಪ ಸಾಲ ತರಬಹುದು. ಅವರು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವನ್ನು ತರುತ್ತಿದ್ದರು. 9ನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲೇ ಪ್ರಾಸದ ವಿಚಾರ ಬಂದಿದೆ. ಛತ್ರಿಯ ಈ ಪದ್ಯದಲ್ಲಿ ಕೊನೆಯ ಪ್ರಾಸವೂ ಇದೆ, ‘ಮಳೆ’, ‘ಒಳಗಡೆ’ ಎಂಬಲ್ಲಿ ಎರಡನೆಯ ಅಕ್ಷರದ ಪ್ರಾಸವೂ ಇದೆ:

ಮಳೆ ಬರಲರಳುವ ಕಪ್ಪನೆ ಹೂವು;
ಒಳಗಡೆ ಬಂದರೆ ಮೂಲೆಯ ಠಾವು.

ಬರೆದ ಸಾಲನ್ನು ಕೈತಟ್ಟಿ ಓದಿ ಪರೀಕ್ಷಿಸಬೇಕು. ‘ಮುಳ್ಳುಗ – ಳುಂಟು – ಚುಚ್ಚುವು – ದಿಲ್ಲ’ ಎಂದು ಸಾಲಿಗೆ ನಾಲ್ಕು ತಟ್ಟು ಬೀಳುತ್ತದೆ. ಎರಡನೆಯ ಸಾಲಿಗೆ ಐದು ತಟ್ಟು ಬೇಕಾದರೆ ಎಲ್ಲೋ ಒಂದು ಪದ ಹೆಚ್ಚಾಗಿದೆ ಎಂದು ತಿಳಿಯಬೇಕು.

ಓದಲು ಬಾರದ ಪುಟ್ಟ ಮಕ್ಕಳಿದ್ದರೆ ಬೇರೊಂದು ಉಪಾಯವಿದೆ. ದೊಡ್ಡವರು ಪದ್ಯವನ್ನು ಓದಿ, ಕೊನೆಯ ಪದವನ್ನು ಬಿಟ್ಟುಬಿಡುವುದು. ‘ಹಸುವಿನ ತಲೆಯಲಿ ಎರಡಿವೆ ಕೊಂಬು, ನಿನ್ನಯ ತಲೆಯಡಿ ಮೆತ್ತನೆ...’ ಎಂದು ನಿಲ್ಲಿಸಿದರೆ, ಪ್ರಾಸವೇ ಉತ್ತರವನ್ನು ಎಳೆದು ತರುತ್ತದೆ. ಐದು ವರ್ಷದ ಮಗುವೂ ‘ದಿಂಬು!’ ಎಂದು ಕೂಗುತ್ತದೆ.

ಈಗ ಚೀಟಿಗಳನ್ನು ಇಡುವ ಕ್ರಮ. ಇಲ್ಲಿ ಎಡವುವುದು ಬಹಳ ಸುಲಭ. ಗಡಿಯಾರದ ಪದ್ಯವಿರುವ ಚೀಟಿಯನ್ನು ಗಡಿಯಾರದ ಬಳಿಯೇ ಇಟ್ಟುಬಿಡಲು ಕೈ ತಾನಾಗಿ ಹೋಗುತ್ತದೆ. ಹಾಗೆ ಮಾಡಿದರೆ ಅಲ್ಲಿಗೆ ಬಂದ ಮಕ್ಕಳಿಗೆ ಮುಂದೆ ದಾರಿಯಿಲ್ಲ. ಪ್ರತಿ ಪದ್ಯವೂ ಮುಂದಿನ ತಾಣದ್ದಾಗಿರಬೇಕು. ತಪ್ಪದಿರಲು ಕೊನೆಯಿಂದ ಹಿಂದಕ್ಕೆ ಬನ್ನಿ. ನಿಧಿಯನ್ನು ಬೀಗವಿರುವ ಟ್ರಂಕಿನಲ್ಲಿ ಇಡಿ. ಬೀಗದ ಪದ್ಯವನ್ನು, ಬೀಗದ ಕೈಗೆ ದಾರದಿಂದ ಕಟ್ಟಿ, ದಿಂಬಿನ ಅಡಿಯಲ್ಲಿ ಇಡಿ. ದಿಂಬಿನ ಪದ್ಯ ರೇಡಿಯೊವಿನ ಮೇಲುಹೊದಿಕೆಯ ಕೆಳಗೆ. ರೇಡಿಯೊವಿನ ಪದ್ಯ ಮಡಿಸಿದ ಛತ್ರಿಯೊಳಗೆ; ಛತ್ರಿ ಬಿಚ್ಚಿದೊಡನೆ ಅದು ಉದುರುತ್ತದೆ. ಛತ್ರಿಯ ಪದ್ಯ ಗಡಿಯಾರದ ಹಿಂದೆ. ಉಳಿದ ಒಂದೇ ಒಂದು, ಗಡಿಯಾರದ ಪದ್ಯ, ನಿಮ್ಮ ಕೈಯಲ್ಲಿ ಉಳಿಯಬೇಕು. ಕೈಯಲ್ಲಿ ಬೇರೊಂದು ಉಳಿದರೆ ಎಲ್ಲೋ ಅದಲುಬದಲಾಗಿದೆ ಎಂದೇ ಅರ್ಥ. ಚೀಟಿಗಳ ಬೆನ್ನಿಗೆ 1ರಿಂದ 5ರವರೆಗೆ ಅಂಕಿ ಬರೆದಿದ್ದರೆ, ಅಕಸ್ಮಾತ್ತಾಗಿ 5ನೆಯದು ಮೊದಲೇ ಸಿಕ್ಕ ಮಗುವೂ ಅದನ್ನು ಅಲ್ಲೇ ಬಿಡಬೇಕೆಂದು ತಿಳಿಯುತ್ತದೆ.

ತಾಣಗಳು ಮಕ್ಕಳ ಕೈಗೆ ಎಟುಕುವಷ್ಟು ಎತ್ತರದಲ್ಲಿರಲಿ. ಗೋಡೆಯ ಗಡಿಯಾರವಾದರೆ ಕುರ್ಚಿ ಹತ್ತುವ ಮಗು ಒಂದಾದರೂ ಇರುತ್ತದೆ. ಮೇಜಿನ ಗಡಿಯಾರವೇ ಲೇಸು. ಒಲೆ, ಬಾವಿ, ಬಿಸಿನೀರಿನ ಹಂಡೆ, ವಿದ್ಯುತ್ತಿನ ಸ್ವಿಚ್ಚು ಇವುಗಳ ಹತ್ತಿರ ಯಾವ ಚೀಟಿಯೂ ಬೇಡ. ರೇಡಿಯೊವಿನ ಹಿಂಬದಿಯಲ್ಲಿ ತಂತಿಗಳಿರುವುದರಿಂದ ಅಲ್ಲಿಯೂ ಬೇಡ. ಮನೆಯಲ್ಲಿ ಹತ್ತು ದಿಂಬುಗಳಿದ್ದರೆ, ಅಂದು ಒಂದನ್ನು ಬಿಟ್ಟು ಉಳಿದವನ್ನು ಎತ್ತಿಡಿ. ಇಲ್ಲದಿದ್ದರೆ ಆಟ ಒಗಟು ಬಿಡಿಸುವುದಾಗದೆ ಹಾಸಿಗೆ ಕೆದಕುವುದಾಗುತ್ತದೆ.

ಪದ್ಯ ಕಷ್ಟವೋ ಸುಲಭವೋ ಎಂದು ಬರೆದವರಿಗೆ ತಿಳಿಯುವುದಿಲ್ಲ; ಅವರಿಗೆ ಉತ್ತರ ಮೊದಲೇ ಗೊತ್ತು. ಹಿಂದಿನ ದಿನ ನೆರೆಮನೆಯವರೊಬ್ಬರಿಗೆ ಒಂದೊಂದನ್ನೂ ಓದಿ ಹೇಳಿ. ಅವರು ಎರಡು ಉತ್ತರ ಹೇಳಿದರೆ, ಎರಡನೆಯದು ಹೊಂದದಂತೆ ಒಂದು ಸಾಲು ತಿದ್ದಿ. ಉತ್ತರವೇ ಹೊಳೆಯದಿದ್ದರೆ ಆ ವಸ್ತು ನಿಮ್ಮ ಮನೆಯಲ್ಲಿ ಮಾತ್ರ ಇರುವಂಥದೇನೋ ನೋಡಿ. ಆಟಕ್ಕೆ ಬರುವ ಅತಿಥಿ ಮಕ್ಕಳಿಗೆ ನಿಮ್ಮ ಮನೆ ಹೊಸದು. ಅದರ ಗುಟ್ಟೆಲ್ಲ ಬಲ್ಲದ್ದು ಹುಟ್ಟುಹಬ್ಬದ ಮಗು ಒಂದೇ.

ಈ ಕಾರಣದಿಂದಲೇ ಇನ್ನೊಂದು ನಿಯಮ ಬೇಕು. ಚೀಟಿಗಳನ್ನು ಓದುವವರು ಬದಲಾಗುತ್ತಿರಲಿ: ಒಂದನ್ನು ಓದಿದ ಮಗು ಮುಂದಿನದನ್ನು ಇನ್ನೊಬ್ಬರ ಕೈಗೆ ಕೊಡಬೇಕು, ಓದಿ ಮುಗಿಯುವ ತನಕ ಯಾರೂ ಓಡಬಾರದು. ಇಲ್ಲದಿದ್ದರೆ ಚುರುಕಾದ ಒಂದು ಮಗು ಐದು ಚೀಟಿಗಳನ್ನೂ ಕಿತ್ತುಕೊಂಡು ಓಡುತ್ತದೆ, ಮಿಕ್ಕವರು ಅದರ ಬೆನ್ನು ನೋಡುತ್ತ ನಿಲ್ಲುತ್ತಾರೆ. ಟ್ರಂಕಿನೊಳಗಿನ ನಿಧಿಯೂ ಹಾಗೆಯೇ, ಒಬ್ಬರಿಗೆ ಒಂದು ದೊಡ್ಡ ಬೊಂಬೆಯಾಗಿರುವುದು ಬೇಡ. ಮಕ್ಕಳು ಎಷ್ಟು ಮಂದಿಯೋ ಅಷ್ಟು ಪೊಟ್ಟಣ ಕಡಲೆಕಾಯಿ ಚಿಕ್ಕಿ, ಅಷ್ಟು ಬಣ್ಣದ ಪೆನ್ಸಿಲು. ಬೀಗ ತೆಗೆಯುವ ಕೆಲಸ ಮಾತ್ರ ಎಲ್ಲರಿಗಿಂತ ಚಿಕ್ಕ ಮಗುವಿಗೆ ಇರಲಿ.