ಪ್ಯಾಕೆಟ್ ಹಾಲಿನ ಸರಿ-ತಪ್ಪು

ಸೂಕ್ಷ್ಮಜೀವಿಗಳ ಪಾಠ ಮುಗಿದರೆ ಬಿಟ್ಟ ಸ್ಥಳ ತುಂಬುವ ಸರದಿ. ‘ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾ ____.’ ಲ್ಯಾಕ್ಟೋಬ್ಯಾಸಿಲಸ್ ಎಂದು ಮಕ್ಕಳು ಥಟ್ಟನೆ ಬರೆಯುತ್ತಾರೆ.

ಎಡವುವುದು ಸರಿ-ತಪ್ಪಿನಲ್ಲಿ. ‘ಪಾಶ್ಚರೀಕರಣ ಹಾಲಿನ ಎಲ್ಲ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ.’ ಲೂಯಿ ಪಾಶ್ಚರ್ ನೆನಪಾದದ್ದೇ ತಡ, ‘ಸರಿ’ ಎಂದುಬಿಡುವುದು ಸುಲಭ. ಉತ್ತರ ಮಾತ್ರ ತಪ್ಪು. ಡೈರಿಯಲ್ಲಿ ಹಾಲನ್ನು ಸುಮಾರು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ, ತಕ್ಷಣ ತಣಿಸುತ್ತಾರೆ. ರೋಗ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಶಾಖ ತಾಳುವ ಕೆಲವು, ಜೊತೆಗೆ ಗಟ್ಟಿ ಕವಚದ ಬೀಜಕಗಳು, ಉಳಿದುಕೊಳ್ಳುತ್ತವೆ. ತಂಪಿನಲ್ಲಿ ಅವು ಬೆಳೆಯುವುದು ನಿಧಾನ, ಸೆಕೆಯಲ್ಲಿ ಚುರುಕು. ಕತ್ತರಿ ತಾಗದ ಪ್ಯಾಕೆಟ್ಟನ್ನೂ ಬೇಸಿಗೆಯಲ್ಲಿ ಹೊರಗೇ ಮರೆತರೆ ಹಾಲು ಹುಳಿಯಾಗಿ, ಒಲೆಯ ಮೇಲೆ ಒಡೆಯುತ್ತದೆ.

‘ಫ್ರಿಜ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ’ ಎಂಬುದೂ ತಪ್ಪೇ. ಅದು ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಅಷ್ಟೇ.